ಸಾವಿರದ ನೂರು ಚದರಡಿಯ ಡಾರ್ಕ್ ಸ್ಟೋರ್: ನನ್ನ ಅನುಭವ

ಗಿರಾಕಿಗಳು ಒಳಗೆ ಬರದೆ, ಆನ್‌ಲೈನ್ ಆರ್ಡರ್ ಮನೆಗೆ ಕಳಿಸುವುದಕ್ಕಷ್ಟೇ ಇರುವ ಅಂಗಡಿಯೇ ಡಾರ್ಕ್ ಸ್ಟೋರ್. ಅದಕ್ಕೆಂದು ಮೈಸೂರಿನ ಕುವೆಂಪುನಗರದಲ್ಲಿ ಹಳೇ ಗೋಡೌನ್ ಹಿಡಿದಾಗ ಸಂತೆಪೇಟೆಯ ಹೋಲ್‌ಸೇಲ್ ಗೆಳೆಯರು ನಕ್ಕಿದ್ದರು. ‘ಎರಡು ಸಾವಿರ ಅಡಿಯಾದರೂ ಬೇಕು ಮಾರಾಯ’ ಎಂದರು. ಮೊದಲ ಆರು ತಿಂಗಳು ಅವರು ಹೇಳಿದ್ದೇ ನಿಜವಾಯಿತು. ಆದರೆ ಸೋತದ್ದು ಜಾಗ ಸಣ್ಣದಿತ್ತು ಅಂತಲ್ಲ, ನಾನು ಒಳಗೂ ಕಿರಾಣಿ ಅಂಗಡಿಯನ್ನೇ ಕಟ್ಟಿದ್ದೆ ಅಂತ.

ಸುಮಾರು 2,400 ಬಗೆಯ ಸರಕು, 14 ಲಕ್ಷದ ಸ್ಟಾಕ್. ತಿಂಗಳಿಗೆ ಹೊರಗೆ ಹೋಗುತ್ತಿದ್ದದ್ದು ಖರೀದಿ ಬೆಲೆಯಲ್ಲಿ 11 ಲಕ್ಷದ ಮಾಲು. ಅಂದರೆ ಹಾಕಿದ ದುಡ್ಡು ತಿಂಗಳಲ್ಲಿ ಒಂದು ಸಲವೂ ತಿರುಗುತ್ತಿರಲಿಲ್ಲ. ಡೇಟ್ ಮುಗಿದ ಬಿಸ್ಕೆಟ್, ಸಾಸ್ ಎಸೆದದ್ದರಲ್ಲೇ ನಲವತ್ತು ಸಾವಿರ ಹೋಯಿತು.

ತಿಂಗಳಿಗೆ ಎರಡು ಸಲಕ್ಕಿಂತ ಕಮ್ಮಿ ಹೋಗುವುದನ್ನೆಲ್ಲ ತೆಗೆದೆ. ಅಲ್ಲೂ ಎಡವಿದೆ. ಕರ್ಪೂರ, ಹೂಬತ್ತಿ ತೆಗೆದ ಮೇಲೆ ದೊಡ್ಡ ಆರ್ಡರ್‌ಗಳೇ ಕಮ್ಮಿಯಾದವು. ಒಂದು ಪೊಟ್ಟಣ ಹೂಬತ್ತಿ ಸಿಗದಿದ್ದರೆ ಜನ ಏಳು ನೂರರ ಸಾಮಾನನ್ನೂ ಬೇರೆ ಕಡೆ ತರಿಸುತ್ತಾರೆ. ಅದರ ಮಾರಾಟ ಅಷ್ಟೇ ನೋಡಬಾರದು, ಯಾವ ಬುಟ್ಟಿಯಲ್ಲಿ ಹೋಗುತ್ತದೆ ಅಂತ ನೋಡಬೇಕು. ಅಂಥವನ್ನು ನಾನು ಹೇಗೆ ಹುಡುಕುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ! ಕೊನೆಗೆ 1,150 ಬಗೆ ಉಳಿದವು. ಈಗ ಏಳೂವರೆ ಲಕ್ಷದ ಸ್ಟಾಕಿನಲ್ಲಿ ತಿಂಗಳಿಗೆ ಹತ್ತಿರಹತ್ತಿರ 15 ಲಕ್ಷದ ಮಾಲು ಹೋಗುತ್ತದೆ.

ಇನ್ನು ಪಿಕಿಂಗ್, ಅಂದರೆ ಆರ್ಡರ್ ಬಂದ ಸಾಮಾನನ್ನು ಆರಿಸಿ ತೆಗೆಯುವ ಕೆಲಸ. ಮೊದಲು ಬೇಳೆ ಒಂದು ಕಡೆ, ಸೋಪು ಒಂದು ಕಡೆ ಜೋಡಿಸಿದ್ದೆ. ಆರು ಐಟಂಗೆ ಹುಡುಗರು ನಾಲ್ಕೂವರೆ ನಿಮಿಷ ಓಡಾಡುತ್ತಿದ್ದರು. ಒಂದು ವಾರದ ಆರ್ಡರ್ ಚೀಟಿಗಳನ್ನು ಕೂತು ಎಣಿಸಿದೆ. ತೆಗೆದ ಸಾಮಾನಿನಲ್ಲಿ 180 ಐಟಂಗಳೇ ಮೂರರಲ್ಲಿ ಎರಡು ಪಾಲು ಇದ್ದವು. ಅವನ್ನೆಲ್ಲ ಪ್ಯಾಕಿಂಗ್ ಮೇಜಿನ ಪಕ್ಕದ ಎರಡು ರ‍್ಯಾಕಿನಲ್ಲಿ, ಸೊಂಟದಿಂದ ಭುಜದೊಳಗಿನ ಎತ್ತರದಲ್ಲಿ ಇಟ್ಟೆ. ಆಗ ಇಬ್ಬರು ಹುಡುಗರೂ ಅಲ್ಲೇ ಗುದ್ದಾಡತೊಡಗಿದರು. ಅತಿ ಜಾಸ್ತಿ ಹೋಗುವ ಇಪ್ಪತ್ತನ್ನು ಎರಡು ಕಡೆ ಇಟ್ಟ ಮೇಲೆ ಸರಿಹೋಯಿತು. ರ‍್ಯಾಕ್ ತುಂಬುವ ಕೆಲಸ ಮಧ್ಯಾಹ್ನ ಎರಡರಿಂದ ನಾಲ್ಕು, ಆರ್ಡರ್ ಕಮ್ಮಿ ಇರುವಾಗ ಮಾತ್ರ.

ಚೀಟಿಯಲ್ಲಿ ಐಟಂಗಳು ರ‍್ಯಾಕಿನ ಸಾಲಿನಂತೆಯೇ ಬರುತ್ತವೆ. ಅಕ್ಕಿ, ಎಣ್ಣೆ ಮೊದಲು. ಮೊಟ್ಟೆ, ಬ್ರೆಡ್ ಆಮೇಲೆ. ಫ್ರಿಜ್ಜಿನ ಹಾಲು ಕೊನೆಗೆ. ಅರ್ಧ ಕೆಜಿ, ಒಂದು ಕೆಜಿ ಹೆಸರುಬೇಳೆ ಅಕ್ಕಪಕ್ಕ ಇಡಬೇಡಿ. ಅವಸರದಲ್ಲಿ ಕೈ ತಪ್ಪುತ್ತದೆ. ನಡುವೆ ಉಪ್ಪು ಇಟ್ಟೆ, ತಪ್ಪು ನಿಂತಿತು. ಈಗ ಒಂದು ಆರ್ಡರ್‌ಗೆ ಒಂದೂವರೆ ನಿಮಿಷ.

ನಡುವೆ ಮೈಸೂರು ಮಲ್ಲಿಗೆ ಮಾರಲು ಹೋಗಿ ಕೈ ಸುಟ್ಟುಕೊಂಡೆ. ಬೆಳಿಗ್ಗೆ ತಂದ ಮೊಗ್ಗು ಸಂಜೆ ಆರ್ಡರ್ ಬರುವಷ್ಟರಲ್ಲಿ ಅರಳಿ ಬಾಡುತ್ತಿತ್ತು. ವೀಳ್ಯದೆಲೆ ಮಾತ್ರ ಒದ್ದೆ ಬಟ್ಟೆಯಲ್ಲಿ ಎರಡು ದಿನ ನಿಲ್ಲುತ್ತದೆ, ಅದನ್ನು ಉಳಿಸಿಕೊಂಡಿದ್ದೇನೆ. ಆಯುಧಪೂಜೆಗೆ ಬೂದುಗುಂಬಳ ಎಲ್ಲಿ ಇಡುವುದು ಅನ್ನೋದು ಇನ್ನೂ ಬಗೆಹರಿದಿಲ್ಲ. ಹೋದ ಸಲ ಡೆಲಿವರಿ ಹುಡುಗರು ಕೂರುವ ಬೆಂಚಿನ ಕೆಳಗೆ ಇಟ್ಟಿದ್ದೆ.