ಮೋಟಾರ್ ತಿರುಗಿದಾಗ ಮಾತ್ರ ಕೆಡುತ್ತಿದ್ದ ಕ್ಯಾನ್ ಬಸ್: ನನ್ನ ಅನುಭವ

ಪುಣೆಯ ಭೋಸರಿಯಲ್ಲಿ ಎಲೆಕ್ಟ್ರಿಕ್ ಮೂರು ಚಕ್ರದ ಗಾಡಿಯ ಟೆಸ್ಟ್ ಬೆಂಚ್ ನೋಡಿಕೊಳ್ಳುವುದು ನನ್ನ ಕೆಲಸ. ಒಂದು ದಿನ ಬ್ಯಾಟರಿಗೂ ಮೋಟಾರ್ ಕಂಟ್ರೋಲರ್‌ಗೂ ನಡುವೆ ಸಂದೇಶ ಒಯ್ಯುವ ಎರಡು ತಂತಿಯ ಕ್ಯಾನ್ ಬಸ್‌ನಲ್ಲಿ, ಸಂದೇಶ ಕೆಟ್ಟಿದೆ ಎಂದು ಸಾರುವ ಎರರ್ ಫ್ರೇಮ್‌ಗಳು ಶುರುವಾದವು. ಮೋಟಾರ್ ನಿಂತಿದ್ದರೆ ಒಂದೂ ಇಲ್ಲ. ಲೋಡ್ ಕೊಟ್ಟರೆ ಸಾಲುಸಾಲು.

ಸ್ಕೋಪ್‌ನ ಪ್ರೋಬನ್ನು ಆ ಎರಡರಲ್ಲಿ CAN_H ತಂತಿಗೆ ಹಚ್ಚಿದೆ. 3 ವೋಲ್ಟಿನ ಮುಳ್ಳುಗಳು ಕಂಡವು. ಕಾರಣ ಸಿಕ್ಕಿತು ಅಂದುಕೊಂಡೆ. ಪಕ್ಕದಲ್ಲಿದ್ದ ಬೆಳಗಾವಿಯ ಹಿರಿಯ ಟೆಕ್ನಿಷಿಯನ್, "ಒಂದ ತಂತಿ ನೋಡಿ ಏನ್ ತಿಳಿತದ ಸರ? ಎರಡೂ ಹಚ್ಚಿ ಕಳೀರಿ" ಅಂದರು.

ಅವರು ಹೇಳಿದ್ದು ಸರಿ. ರಿಸೀವರ್ ನೋಡುವುದು ಎರಡು ತಂತಿಗಳ ವ್ಯತ್ಯಾಸವನ್ನು ಮಾತ್ರ. ರಿಸೆಸಿವ್‌ನಲ್ಲಿ, ಅಂದರೆ ಬಿಟ್ 1 ಆಗಿದ್ದಾಗ, ಎರಡೂ ಸುಮಾರು 2.5 ವೋಲ್ಟಿನಲ್ಲಿರುತ್ತವೆ, ವ್ಯತ್ಯಾಸ ಸೊನ್ನೆ. ಡಾಮಿನೆಂಟ್‌ನಲ್ಲಿ, ಅಂದರೆ ಬಿಟ್ 0 ಆಗಿದ್ದಾಗ, CAN_H 3.5ಕ್ಕೆ ಏರುತ್ತದೆ, CAN_L 1.5ಕ್ಕೆ ಇಳಿಯುತ್ತದೆ, ವ್ಯತ್ಯಾಸ 2 ವೋಲ್ಟ್. ಹೆಣೆದ ಜೋಡಿ ತಂತಿಗೆ ಹೊರಗಿನ ವಿದ್ಯುತ್ ಗದ್ದಲ ತಾಗಿದರೆ ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಥರ ತಾಗುತ್ತದೆ. ಕಳೆದರೆ ಅದು ಹೋಗಿಬಿಡುತ್ತದೆ.

ಸ್ಕೋಪ್‌ನ ಎರಡು ಚಾನೆಲ್‌ಗಳನ್ನು ಎರಡು ತಂತಿಗಳಿಗೆ ಹಚ್ಚಿ, ಒಂದರಿಂದ ಇನ್ನೊಂದನ್ನು ಕಳೆಯುವ CH1-CH2 ಹಾಕಿದೆ. ಮುಳ್ಳು ತುಂಬಾ ಕುಗ್ಗಿತು, ಆದರೆ ಪೂರ್ತಿ ಹೋಗಲಿಲ್ಲ. ರಿಸೆಸಿವ್ ಬಿಟ್‌ಗಳ ಮೇಲೆ 1.2 ವೋಲ್ಟ್ ಉಳಿದಿತ್ತು. 0.9 ದಾಟಿದರೆ ರಿಸೀವರ್ ಅದನ್ನು ಡಾಮಿನೆಂಟ್ ಎಂದೇ ಓದುತ್ತದೆ. ಡಾಮಿನೆಂಟ್ ಬಿಟ್‌ಗಳು ಮಾತ್ರ ಗಟ್ಟಿಯಾಗಿಯೇ ಇದ್ದವು.

ಈ ಭೇದವನ್ನು ನಾನು ಅವತ್ತೇ ಸರಿಯಾಗಿ ಅರ್ಥ ಮಾಡಿಕೊಂಡಿದ್ದು. ಡಾಮಿನೆಂಟನ್ನು ಟ್ರಾನ್ಸಿಸ್ಟರ್‌ಗಳು ಬಲವಾಗಿ ಎಳೆದು ಹಿಡಿಯುತ್ತವೆ. ರಿಸೆಸಿವನ್ನು ಯಾರೂ ಹಾಗೆ ಹಿಡಿಯುವುದಿಲ್ಲ. ಎರಡು ತುದಿಗಳಲ್ಲಿರುವ 120 ಓಂ ರೆಸಿಸ್ಟರ್‌ಗಳೇ ತಂತಿಗಳನ್ನು ಒಂದೇ ಮಟ್ಟಕ್ಕೆ ತರಬೇಕು. ಹಾಗಾಗಿ ಅವು ಸರಿ ಇವೆಯೇ ಎಂದು ನೋಡಲೇಬೇಕು, ಅಲ್ವಾ? ಪವರ್ ಆಫ್ ಮಾಡಿ ಎರಡು ತಂತಿಗಳ ನಡುವೆ ಮೀಟರ್ ಹಿಡಿದೆ. 60 ಓಂ ಬರಬೇಕಿತ್ತು, 120 ಬಂತು. ತುದಿಯ ಡಿಸ್‌ಪ್ಲೇಯನ್ನು ಯಾರೋ ಬೇರೆ ಕೆಲಸಕ್ಕೆ ಬಿಚ್ಚಿಕೊಂಡು ಹೋಗಿದ್ದರು. ಒಂದು ರೆಸಿಸ್ಟರ್ ಅದರೊಳಗೇ ಇತ್ತು! ಒಳನುಗ್ಗುವ ಕರೆಂಟ್ ಅಷ್ಟೇ ಇದ್ದರೂ ಓಂ ದುಪ್ಪಟ್ಟಾದರೆ ವೋಲ್ಟೇಜೂ ದುಪ್ಪಟ್ಟು.

120 ಓಂ ಪ್ಲಗ್ ಹಾಕಿದೆ. ಮುಳ್ಳು 0.6ಕ್ಕೆ ಇಳಿಯಿತು, ಎರರ್ ನಿಂತಿತು. ಆದರೆ ನನಗೆ ಸಮಾಧಾನವಾಗಲಿಲ್ಲ. 0.5ರ ಕೆಳಗೆ ಖಂಡಿತ ರಿಸೆಸಿವ್, 0.9ರ ಮೇಲೆ ಖಂಡಿತ ಡಾಮಿನೆಂಟ್. ನಡುವಿನದ್ದಕ್ಕೆ ಭರವಸೆ ಇಲ್ಲ. ಒಂದು ಚಿಪ್ ಹೀಗೆ ಓದಬಹುದು, ಇನ್ನೊಂದು ಹಾಗೆ.

ಕೇಬಲ್ ಉದ್ದಕ್ಕೂ ಕೈ ಆಡಿಸುತ್ತಾ ಹೋದೆ. ಕನೆಕ್ಟರ್ ಹತ್ತಿರ ಒಂದು ಗೇಣು ಹೆಣಿಗೆ ಬಿಚ್ಚಿತ್ತು. ಅಲ್ಲೇ ಒಂದು ತಂತಿ ಮೋಟಾರಿನ ದಪ್ಪ ಕೇಬಲ್‌ಗೆ ಅಂಟಿಕೊಂಡಿತ್ತು, ಇನ್ನೊಂದು ದೂರ ಸರಿದಿತ್ತು. ಅಂದರೆ ಗದ್ದಲ ಎರಡಕ್ಕೂ ಸಮನಾಗಿ ತಾಗುತ್ತಿರಲಿಲ್ಲ. ಕನೆಕ್ಟರ್ ಬಾಯಿಯವರೆಗೂ ಮತ್ತೆ ಹೆಣೆದು, ಮೋಟಾರ್ ಕೇಬಲ್‌ನಿಂದ ದೂರ ಕಟ್ಟಿದೆವು. ಫುಲ್ ಲೋಡ್‌ನಲ್ಲಿ CAN_H ಒಂದನ್ನೇ ನೋಡಿದರೆ ಈಗಲೂ ದೊಡ್ಡ ಮುಳ್ಳು ಕಾಣುತ್ತದೆ. CH1-CH2ನಲ್ಲಿ 0.2ಕ್ಕಿಂತ ಜಾಸ್ತಿ ಇಲ್ಲ.