ಶಿವಜಯಂತಿಯ ದಿನ ಒಣಹುಲ್ಲಿನ ಲೆಕ್ಕ

ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಶಿವಜಯಂತಿಯ ಭಾಷಣ ಅಂದರೆ ಮಕ್ಕಳಿಗೆ ಗೊತ್ತಿದ್ದದ್ದನ್ನೇ ಮತ್ತೊಮ್ಮೆ ಹೇಳುವ ಕೆಲಸ. ಮಹಾರಾಷ್ಟ್ರದಲ್ಲಿ ನಾಲ್ಕನೇ ತರಗತಿಯ ಇತಿಹಾಸವೇ ಶಿವಾಜಿ ಮಹಾರಾಜರ ಚರಿತ್ರೆ. ಅಫಜಲಖಾನ, ಆಗ್ರಾದ ಬುಟ್ಟಿ, ರಾಯಗಡದ ಪಟ್ಟಾಭಿಷೇಕ ಎಲ್ಲವೂ ಅವರಿಗೆ ಬಾಯಿಪಾಠ. ಆ ಸಲ ಭಾಷಣ ನನ್ನ ಪಾಲಿಗೆ ಬಂದಾಗ, ರಾಜನ ಕಥೆಯಷ್ಟೇ ಸಾಮಾನ್ಯ ಜನರ ಬದುಕೂ ಇತಿಹಾಸ ಎಂಬುದನ್ನು ಹೇಳಬೇಕು ಅಂದುಕೊಂಡೆ. ಆದರೆ ಹಾಗಂತ ನೇರವಾಗಿ ಹೇಳಿದರೆ ಏನಾಗುತ್ತದೆಂದು ಶಿಕ್ಷಕರಿಗೆಲ್ಲ ಗೊತ್ತು. “ಎಲ್ಲರೂ ಮುಖ್ಯವೇ ಅಲ್ಲವೇ ಮಕ್ಕಳೇ?” ಎಂದರೆ “ಹೌದು ಟೀಚರ್” ಎಂದು ಒಕ್ಕೊರಲಿನ ಉತ್ತರ ಬರುತ್ತದೆ. ಅಷ್ಟು ಬೇಗ ಬಂದ ಉತ್ತರದಲ್ಲಿ ಯೋಚನೆ ಇರುವುದಿಲ್ಲ.

ಇನ್ನೊಂದು ಅಪಾಯವೂ ಇತ್ತು. ರಾಜರನ್ನು ಕೆಳಗಿಳಿಸಿ ಜನರನ್ನು ಮೇಲೇರಿಸುವ ಭಾಷಣ ಆ ದಿನಕ್ಕೆ ಹೊಂದುವುದಿಲ್ಲ, ನ್ಯಾಯವೂ ಅಲ್ಲ. ಹಾಗಾಗಿ ಮಹಾರಾಜರ ಮಾತನ್ನೇ ಹಿಡಿದು ಹೊರಟೆ. ಕೊಂಕಣದ ಚಿಪಳೂಣದ ಹತ್ತಿರ ಬೀಡುಬಿಟ್ಟಿದ್ದ ತಮ್ಮ ಕುದುರೆ ಪಡೆಯ ಅಧಿಕಾರಿಗಳಿಗೆ ಅವರು 1670ರ ದಶಕದಲ್ಲಿ ಬರೆಸಿದ ಒಂದು ಪತ್ರ ಉಳಿದುಬಂದಿದೆ. ಅದರಲ್ಲಿ ಯುದ್ಧದ ಸುದ್ದಿಯೇ ಇಲ್ಲ. ಇರುವುದು ಹುಲ್ಲು, ಕಾಳು, ರೊಟ್ಟಿ, ಸೌದೆ, ಸೊಪ್ಪು.

ಪತ್ರದ ಸಾರ ಇಷ್ಟು: ಮಳೆಗಾಲಕ್ಕೆಂದು ಕೂಡಿಟ್ಟ ದಾಣಿ, ಮೇವನ್ನು ಈಗಲೇ ಮನಬಂದಂತೆ ಖರ್ಚು ಮಾಡಿದರೆ ಮಳೆ ಹಿಡಿದ ಮೇಲೆ ಏನೂ ಸಿಗುವುದಿಲ್ಲ, ಕುದುರೆಗಳು ಸಾಯುತ್ತವೆ. ಆಗ ನೀವು ರೈತರ ಮನೆಗೆ ನುಗ್ಗುತ್ತೀರಿ. ಒಬ್ಬ ಕಾಳು ತರುತ್ತಾನೆ, ಒಬ್ಬ ರೊಟ್ಟಿ, ಒಬ್ಬ ಹುಲ್ಲು, ಒಬ್ಬ ಸೌದೆ, ಒಬ್ಬ ತರಕಾರಿ. ಹೇಗೋ ಜೀವ ಹಿಡಿದುಕೊಂಡಿದ್ದ ರೈತರು ಊರು ಬಿಟ್ಟು ಹೋಗುತ್ತಾರೆ, ಕೆಲವರು ಹಸಿವಿನಿಂದ ಸಾಯುತ್ತಾರೆ. ನಿಮಗಿಂತ ಮೊಗಲರೇ ವಾಸಿ ಅನ್ನುತ್ತಾರೆ.

ಇದನ್ನು ಓದಿ ಹೇಳಿ, ಬೋರ್ಡಿನ ಮೇಲೆ ಲೆಕ್ಕ ಬರೆದೆ. ಸಣ್ಣ ತಳಿಯ ಒಂದು ಕುದುರೆಗೆ ದಿನಕ್ಕೆ ಸುಮಾರು 6 ಕಿಲೋ ಒಣಹುಲ್ಲು ಬೇಕು ಅಂತಿಟ್ಟುಕೊಳ್ಳಿ. ಮಳೆಗಾಲ ನಾಲ್ಕು ತಿಂಗಳು, ಅಂದರೆ 120 ದಿನ. ಒಂದು ಕುದುರೆಗೆ 720 ಕಿಲೋ. ತಲೆಮೇಲೆ ಹೊರುವ ಒಂದು ಹೊರೆ 20 ಕಿಲೋ ಎಂದರೆ 36 ಹೊರೆ. ನೂರು ಕುದುರೆ ಇದ್ದರೆ? ಏಳನೆಯ ತರಗತಿಯ ಹಿಂದಿನ ಸಾಲಿನಿಂದ “ಮೂರು ಸಾವಿರದ ಆರ್ನೂರು” ಎಂದು ಉತ್ತರ ಬಂತು. ಈ ಹೊರೆಗಳನ್ನು ಕೊಯ್ದವರು ಯಾರು, ಕಟ್ಟಿದವರು ಯಾರು, ಹೊತ್ತವರು ಯಾರು ಎಂದು ಕೇಳಿದೆ. ಈ ಸಲ ಯಾರೂ ಒಕ್ಕೊರಲಿನಿಂದ ಕೂಗಲಿಲ್ಲ.

ನಮ್ಮ ಶಾಲೆಯ ಬಹಳಷ್ಟು ಮಕ್ಕಳ ಊರು ಕಲಬುರಗಿ, ಯಾದಗಿರಿ ಕಡೆ. ಬೇಸಿಗೆ ರಜೆಗೆ ಹೋದಾಗ ಕಣಿಕಿ ಬಣವಿ ನೋಡಿದವರು, ಅಜ್ಜಿಯ ಜೊತೆ ಹೊರೆ ಹೊತ್ತವರು. ಲೆಕ್ಕ ಅವರಿಗೆ ತಟ್ಟಿದ್ದು ಅದಕ್ಕೆ. ಊರಿನ ನಂಟು ಕಡಿದುಹೋದ ಮಕ್ಕಳ ಮುಂದಾದರೆ ಹುಲ್ಲಿನ ಬದಲು ನೀರಿನ ಲೆಕ್ಕ ಹಾಕಬೇಕಾದೀತು.

ಪತ್ರದಲ್ಲಿ ಇನ್ನೊಂದು ಮಾತಿದೆ, ಭಾಷಣ ನಿಂತದ್ದೇ ಅದರ ಮೇಲೆ. ರಾತ್ರಿ ದೀಪ ಉರಿಸಿಟ್ಟು ಮಲಗಬೇಡಿ, ಇಲಿ ಉರಿಯುವ ಬತ್ತಿಯನ್ನು ಕಚ್ಚಿಕೊಂಡು ಹೋಗಿ ಹುಲ್ಲಿಗೆ ಬೆಂಕಿ ಬಿದ್ದೀತು, ಎಂದು ಮಹಾರಾಜರು ಎಚ್ಚರಿಸುತ್ತಾರೆ. ಒಬ್ಬ ಹುಡುಗ ಎದ್ದು ನಿಂತ. “ಟೀಚರ್, ಇಲಿಗೆ ಬಾಯಿ ಸುಡಂಗಿಲ್ಲೇನು?” ಬತ್ತಿ ಎಣ್ಣೆಯಲ್ಲಿ ನೆನೆದಿರುತ್ತದೆ, ಇಲಿಗೆ ಅದು ತಿನಿಸು, ಉರಿಯುವ ತುದಿ ಬಿಟ್ಟು ಇನ್ನೊಂದು ತುದಿ ಹಿಡಿದು ಎಳೆಯುತ್ತದೆ ಎಂದೆ. ಆಮೇಲೆ ಐದಾರು ಪ್ರಶ್ನೆ ಇಲಿಯ ಮೇಲೆಯೇ ಬಂದವು. ಹೆಡ್‌ಮಾಸ್ತರರು ಗಡಿಯಾರ ನೋಡತೊಡಗಿದರು. ನಾನು ತಡೆಯಲಿಲ್ಲ. ಮಕ್ಕಳು ಇಲಿಯ ಬಗ್ಗೆ ಕೇಳುತ್ತಿದ್ದಾರೆ ಅಂದರೆ ಆ ಪಡೆಯ ಬೀಡಿನೊಳಗೆ ಹೊಕ್ಕಿದ್ದಾರೆ ಅಂತ ಅರ್ಥ. ಸಿಂಹಾಸನದ ಎತ್ತರ ಎಷ್ಟು ಎಂದು ಯಾರೂ ಕೇಳಲಿಲ್ಲ.

ಆದರೆ ಈ ಪತ್ರಕ್ಕೂ ಒಂದು ಮಿತಿ ಇದೆ, ಅದನ್ನು ಮಕ್ಕಳಿಗೆ ಮುಚ್ಚಿಡಬಾರದು. ಇಲ್ಲಿ ರೈತನ ರೊಟ್ಟಿ ಕಾಣುತ್ತದೆ, ರೈತನ ಮಾತು ಕೇಳುವುದಿಲ್ಲ. ಮೊಗಲರೇ ವಾಸಿ ಎಂಬ ಮಾತು ಕೂಡ ರೈತ ಆಡಿದ್ದಲ್ಲ, ಆಡಿಯಾನು ಎಂದು ರಾಜ ಊಹಿಸಿದ್ದು. ಜನ ತಮ್ಮ ಬಾಯಿಂದಲೇ ಹೇಳಿದ್ದು ಎಲ್ಲಾದರೂ ದಾಖಲಾಗಿದೆಯೇ ಎಂದರೆ ಇದೇ ಮುಂಬಯಿಯ ಬಟ್ಟೆ ಗಿರಣಿಗಳಿಗೆ ಬರಬೇಕು.

ಐದನೆಯ ತರಗತಿಯವರನ್ನು ಎದ್ದು ನಿಲ್ಲಿಸಿದೆ. 1881ರ ಕಾರ್ಖಾನೆ ಕಾಯಿದೆಯ ಪ್ರಕಾರ ಏಳರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ದಿನಕ್ಕೆ ಒಂಬತ್ತು ಗಂಟೆ ದುಡಿಸಬಹುದಿತ್ತು. “ಆಗ ನೀವಿಷ್ಟೂ ಮಂದಿ ಗಿರಣಿಯಲ್ಲಿರುತ್ತಿದ್ದಿರಿ” ಎಂದೆ. ದೊಡ್ಡವರಿಗೋ ಗಂಟೆಗಳ ಮಿತಿಯೇ ಇರಲಿಲ್ಲ. 1884ರಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಅವರ ಮುಂದಾಳತ್ವದಲ್ಲಿ ಗಿರಣಿ ಕಾರ್ಮಿಕರು ಒಂದು ಮನವಿ ಸಿದ್ಧಪಡಿಸಿದರು. ಸುಮಾರು 5,500 ಮಂದಿಯ ಸಹಿ ಇತ್ತು. ಭಾನುವಾರ ರಜೆ ಬೇಕು, ಮಧ್ಯಾಹ್ನ ಅರ್ಧ ಗಂಟೆ ಬಿಡುವು ಬೇಕು, ಸಂಬಳ ಮುಂದಿನ ತಿಂಗಳ 15ರೊಳಗೆ ಕೈಗೆ ಬರಬೇಕು, ಯಂತ್ರಕ್ಕೆ ಸಿಕ್ಕಿ ಗಾಯವಾದರೆ ಪರಿಹಾರ ಬೇಕು. 1890ರ ಏಪ್ರಿಲ್‌ನಲ್ಲಿ ಸುಮಾರು ಹತ್ತು ಸಾವಿರ ಕಾರ್ಮಿಕರ ಸಭೆ ಸೇರಿತು. ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು.

ಇಲ್ಲಿ ಎಡವುವುದು ಸುಲಭ. ಲೋಖಂಡೆಯವರ ಹೆಸರು ಸಿಕ್ಕಿದ ಕೂಡಲೇ ಅವರನ್ನೇ ಇನ್ನೊಬ್ಬ ಮಹಾರಾಜರನ್ನಾಗಿ ಮಾಡಿ, ಜಯಘೋಷ ಹಾಕಿಸಿ ಮುಗಿಸಿಬಿಡಬಹುದು. ಹಾಗೆ ಮಾಡಿದರೆ 5,500 ಸಹಿ ಮತ್ತೆ ಹಿನ್ನೆಲೆಗೆ ಸರಿಯುತ್ತವೆ. ನಾನು ಅವರ ಹೆಸರನ್ನು ಒಮ್ಮೆ ಹೇಳಿ, ಆ ಏಪ್ರಿಲ್ ಸಭೆಯಲ್ಲಿ ಎದ್ದು ಮಾತಾಡಿದ ಇಬ್ಬರು ಗಿರಣಿ ಹೆಂಗಸರ ಕಡೆ ತಿರುಗಿದೆ. ನಾನು ಓದಿದ ಬರಹಗಳಲ್ಲಿ “ಇಬ್ಬರು ಕಾರ್ಮಿಕ ಮಹಿಳೆಯರು” ಎಂದಷ್ಟೇ ಇದೆ, ಹೆಸರಿಲ್ಲ. ಅವರು ಅವತ್ತು ಏನು ಹೇಳಿರಬಹುದು ಎಂದು ಮಕ್ಕಳನ್ನು ಕೇಳಿದೆ. “ಮಗೀಗೆ ಹಾಲು ಕುಡಿಸೋಕ ಬಿಡ್ರಿ ಅಂದಿರ್ತಾರ” ಎಂದಳು ಆರನೆಯ ತರಗತಿಯ ಹುಡುಗಿ. ಇದು ನಿನ್ನ ಊಹೆ, ದಾಖಲೆಯಲ್ಲ, ಆದರೆ ಊಹಿಸಲು ಕಾರಣ ಇದೆ ಎಂದು ಅಲ್ಲೇ ಹೇಳಿದೆ. ಅವೆರಡನ್ನೂ ಬೆರೆಸಿಬಿಟ್ಟರೆ ಇತಿಹಾಸ ಹೋಗಿ ಕಥೆ ಉಳಿಯುತ್ತದೆ.

ಕೊನೆಯ ಪ್ರಶ್ನೆ ಹೋಟೆಲ್ ಕಾರ್ಮಿಕನ ಮಗನದು. “ಹಂಗಾದ್ರ ನಮ್ಮಪ್ಪಗ ಭಾನುವಾರ ರಜಾ ಯಾಕಿಲ್ಲ ಟೀಚರ್?” ಭಾನುವಾರವೇ ಗಿರಾಕಿ ಜಾಸ್ತಿ, ಅದಕ್ಕೆ ಹೋಟೆಲಿನವರಿಗೆ ಬೇರೆ ವಾರ ರಜೆ ಇರುತ್ತದೆ ಎಂದೆ. “ಬ್ಯಾರೆ ವಾರನೂ ಇಲ್ರಿ” ಎಂದ. ವಾರಕ್ಕೊಂದು ದಿನ ಬಿಡುವು ಕೊಡಬೇಕೆಂದು ಕಾನೂನಿದೆ, ಸಣ್ಣ ಹೋಟೆಲು, ಅಂಗಡಿಗಳಲ್ಲಿ ಎಷ್ಟೋ ಕಡೆ ಅದು ನಡೆಯುವುದಿಲ್ಲ ಎಂದು ಇದ್ದದ್ದನ್ನೇ ಹೇಳಿದೆ. ಮರುದಿನ ಅವರಪ್ಪ ಮಗನನ್ನು ಬಿಡಲು ಬಂದವರು ಗೇಟಿನ ಹತ್ತಿರ ನಿಂತು, ಆ ಮನವಿಯಲ್ಲಿ ಇನ್ನೇನೇನು ಕೇಳಿದ್ದರು ಎಂದು ವಿಚಾರಿಸಿದರು. ಬರೆದುಕೊಟ್ಟೆ.