ಒಂದೇ ಕಾಸ್ಟಿಕ್ ಸೋಡಾ, ಎರಡು ಲೇಬಲ್

ಜಿಡ್ಡು ತೆಗೆಯುವ ದ್ರವವೊಂದರ ಲೇಬಲ್ ಕನ್ನಡಕ್ಕೆ ಬೇಕು ಅಂತ ಕೆಲಸ ಬಂತು. ಎರಡು ಲೇಬಲ್. ಒಂದು ಐದು ಲೀಟರ್ ಕ್ಯಾನಿನದ್ದು, ಇನ್ನೊಂದು ಅರ್ಧ ಲೀಟರ್ ಸ್ಪ್ರೇ ಬಾಟಲಿಯದ್ದು. ಎರಡರಲ್ಲೂ ಮುಖ್ಯ ಪದಾರ್ಥ ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ನಾವು ಕಾಸ್ಟಿಕ್ ಸೋಡಾ ಅನ್ನುವುದು. ಕ್ಯಾನಿನಲ್ಲಿ ಅದು ಶೇ. 8, ಸ್ಪ್ರೇಯಲ್ಲಿ ಶೇ. 1. ಇಂಗ್ಲಿಷ್ ಲೇಬಲ್ ಎರಡೂ ಸೇರಿಸಿದರೆ ಒಂದು ಪುಟ ಆಗಲಿಲ್ಲ. ಸಂಜೆಯೊಳಗೆ ಮುಗಿಸಿಬಿಡಬಹುದು ಅಂದುಕೊಂಡೆ. ಹನ್ನೆರಡು ದಿನ ಹಿಡಿಯಿತು.

ಮೊದಲು ಆ ಎರಡು ಲೇಬಲ್ ಯಾಕೆ ಬೇರೆ ಬೇರೆ ಅಂತ ಹೇಳಬೇಕು. ರಾಸಾಯನಿಕಗಳ ಲೇಬಲ್‌ಗೆ ಜಿಎಚ್‌ಎಸ್ ಅನ್ನುವ ವಿಶ್ವಸಂಸ್ಥೆಯ ಪದ್ಧತಿ ಇದೆ. ಅದರ ಮೊದಲ ಆವೃತ್ತಿ ಬಂದದ್ದು 2003ರಲ್ಲಿ. ಅದರಲ್ಲಿ ದೊಡ್ಡದಾಗಿ ಬರೆಯುವ ಸಂಕೇತ ಪದಗಳು ಎರಡೇ: ಡೇಂಜರ್ ಮತ್ತು ವಾರ್ನಿಂಗ್. ಡೇಂಜರ್ ಮೇಲಿನದು, ವಾರ್ನಿಂಗ್ ಕೆಳಗಿನದು. ಡೇಂಜರ್ ಬಂದ ಲೇಬಲ್ ಮೇಲೆ ವಾರ್ನಿಂಗ್ ಬರುವ ಹಾಗಿಲ್ಲ. ಐರೋಪ್ಯ ಒಕ್ಕೂಟದ ಪಟ್ಟಿಯಲ್ಲಿ ಕಾಸ್ಟಿಕ್ ಸೋಡಾ ಶೇ. 2 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಚರ್ಮವನ್ನು ಸುಡುವ ಗುಂಪಿಗೆ ಸೇರುತ್ತದೆ. ಶೇ. 0.5ರಿಂದ 2ರ ಒಳಗಿದ್ದರೆ ಚರ್ಮ, ಕಣ್ಣು ಕೆಂಪಾಗಿ ಉರಿಯುವ ಗುಂಪು. ದ್ರವದ ಪಿಎಚ್, ಬೇರೆ ಪದಾರ್ಥಗಳು, ಪರೀಕ್ಷೆಯ ಫಲಿತಾಂಶ ನೋಡಿ ಇದು ಬದಲಾಗುವುದೂ ಉಂಟು. ಅದು ರಸಾಯನ ಗೊತ್ತಿದ್ದವರ ಕೆಲಸ. ನನಗೆ ಬಂದಾಗ ಅದೆಲ್ಲ ತೀರ್ಮಾನವಾಗಿತ್ತು. ಕ್ಯಾನಿಗೆ ಡೇಂಜರ್, ಜೊತೆಗೆ ಕೈಯನ್ನೂ ಲೋಹವನ್ನೂ ದ್ರವ ತಿನ್ನುತ್ತಿರುವ ಚಿತ್ರ. ಸ್ಪ್ರೇಗೆ ವಾರ್ನಿಂಗ್, ಜೊತೆಗೆ ಆಶ್ಚರ್ಯಸೂಚಕ ಚಿಹ್ನೆಯ ಚಿತ್ರ.

ಡೇಂಜರ್ ಅಂದರೆ ಅಪಾಯ, ವಾರ್ನಿಂಗ್ ಅಂದರೆ ಎಚ್ಚರಿಕೆ. ಇದರಲ್ಲಿ ತಪ್ಪುವುದಕ್ಕೆ ಏನಿದೆ ಅಲ್ವಾ? ನಾನೂ ಹಾಗೇ ಬರೆದು ಮುಂದೆ ಹೋದೆ. ತಪ್ಪಿದ್ದು ಆ ಪದಗಳಲ್ಲಿ ಅಲ್ಲ, ಅವುಗಳ ಸುತ್ತ. ಇಂಗ್ಲಿಷಿನಲ್ಲಿ ಹಜಾರ್ಡ್ ಬೇರೆ, ಡೇಂಜರ್ ಬೇರೆ. ಕನ್ನಡದಲ್ಲಿ ಎರಡಕ್ಕೂ ನಾನು ಅಪಾಯ ಅಂತಲೇ ಬರೆದಿದ್ದೆ. ಹೀಗಾಗಿ ಸ್ಪ್ರೇ ಬಾಟಲಿ ಮೇಲೆ ‘ಎಚ್ಚರಿಕೆ’ ಅಂತ ಇತ್ತು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಅಪಾಯದ ವಿವರಗಳು’ ಅನ್ನುವ ತಲೆಬರಹ ಕೂತಿತ್ತು. ಕ್ಯಾನಿನ ಮೇಲೆ ‘ಅಪಾಯ’ ಇತ್ತು, ಅದರ ಕೆಳಗೆ ‘ಮುನ್ನೆಚ್ಚರಿಕೆಗಳು’. ಸುಮ್ನೆ ಕಣ್ಣಾಡಿಸಿದರೆ ಎರಡರಲ್ಲೂ ಎರಡೂ ಪದ. ಯಾವುದು ಜೋರು ಅಂತ ಹೇಳುವ ಒಂದೇ ಒಂದು ಗುರುತನ್ನು ನಾನೇ ಅಳಿಸಿ ಹಾಕಿದ್ದೆ.

ಅದು ಸಾಲದು ಅಂತ ‘ಎಚ್ಚರಿಕೆ’ಯ ಮುಂದೆ ಅಭ್ಯಾಸಬಲದಿಂದ ಒಂದು ಆಶ್ಚರ್ಯಸೂಚಕ ಹಾಕಿದ್ದೆ. ‘ಅಪಾಯ’ದ ಮುಂದೆ ಹಾಕಿರಲಿಲ್ಲ. ಕೆಳಗಿನ ಪದ ಕೂಗುತ್ತಿತ್ತು, ಮೇಲಿನ ಪದ ಪಿಸುಗುಡುತ್ತಿತ್ತು.

ತಲೆಬರಹಗಳನ್ನು ಪೂರ್ತಿ ತೆಗೆದೆ. ಅವು ಇರಲೇಬೇಕು ಅಂತ ಆ ಪದ್ಧತಿಯಲ್ಲಿ ಎಲ್ಲೂ ಇಲ್ಲ, ಇಂಗ್ಲಿಷ್ ಲೇಬಲ್ ಮಾಡಿದವರು ಅಂದಕ್ಕೆ ಹಾಕಿದ್ದರು ಅಷ್ಟೆ. ಅಪಾಯ ಅನ್ನುವ ಪದ ಕ್ಯಾನಿನ ಮೇಲೆ ಒಂದೇ ಸಲ, ಎಚ್ಚರಿಕೆ ಸ್ಪ್ರೇ ಮೇಲೆ ಒಂದೇ ಸಲ, ಬೇರೆಲ್ಲೂ ಇಲ್ಲ ಅಂತ ನಿಯಮ ಮಾಡಿಕೊಂಡೆ. ಬಳಸುವ ವಿಧಾನದಲ್ಲಿ ಇಂಗ್ಲಿಷಿನವರು ಕಾಷನ್ ಅಂತಲೂ ಒಂದು ಕಡೆ ಬರೆದಿದ್ದರು. ಅದು ಈ ಪದ್ಧತಿಯ ಪದವೇ ಅಲ್ಲ. ಅಲ್ಲಿ ‘ಗಮನಿಸಿ’ ಅಂತ ಬರೆದೆ.

ಇಷ್ಟಾದ ಮೇಲೆ ಕೆಲಸ ಮುಗಿಯಿತು ಅಂದುಕೊಂಡು, ದಿನವೂ ಇಂಥ ದ್ರವ ಬಳಸುವ ಒಬ್ಬ ಹಿರಿಯ ಹೆಂಗಸಿಗೆ ಎರಡೂ ಹಾಳೆ ಓದಲು ಕೊಟ್ಟೆ. ಸಂಕೇತ ಪದವನ್ನೂ ಚಿತ್ರವನ್ನೂ ಬೇಕಂತಲೇ ಮುಚ್ಚಿದ್ದೆ. ಬರೀ ವಾಕ್ಯಗಳು.

“ಇವೆರಡರಲ್ಲಿ ಯಾವುದು ಜೋರು ಅಂತೀರಮ್ಮ?” ಅಂದೆ.

ಅವರು ಸ್ಪ್ರೇ ಹಾಳೆಯನ್ನು ಎತ್ತಿ ಹಿಡಿದರು. “ಇದೇ ಸಾರ್. ಇದರಲ್ಲಿ ಗಂಭೀರ ಅಂತ ಇದೆಯಲ್ಲ. ಅದರಲ್ಲಿ ಬರೀ ಉರೀತದೆ ಅಂತ ಇದೆ.”

ನಾನು ಹಾಳೆ ಇಸಿದುಕೊಂಡು ನೋಡಿದೆ. ಅವರು ಹೇಳಿದ್ದು ಸರಿ. ಏನು ಹಾನಿ ಅಂತ ಹೇಳುವ ಪ್ರತಿ ವಾಕ್ಯಕ್ಕೂ ಆ ಪದ್ಧತಿಯಲ್ಲಿ H ಅಕ್ಷರದ ಒಂದು ಸಂಖ್ಯೆ ಇದೆ. ಕ್ಯಾನಿನ ವಾಕ್ಯದ್ದು H314. ಚರ್ಮಕ್ಕೆ ತೀವ್ರವಾದ ಸುಟ್ಟ ಗಾಯವಾಗುತ್ತದೆ, ಕಣ್ಣಿಗೆ ಹಾನಿಯಾಗುತ್ತದೆ ಅನ್ನುವುದು ಅದರ ಅರ್ಥ. ನಾನು ಬರೆದದ್ದು ‘ಚರ್ಮದಲ್ಲಿ ತೀವ್ರ ಉರಿ ಮತ್ತು ಕಣ್ಣಿಗೆ ತೊಂದರೆ ಉಂಟಾಗಬಹುದು’. ಸ್ಪ್ರೇಯ ಕಣ್ಣಿನ ವಾಕ್ಯ H319. ಅದಕ್ಕೆ ಬರೆದದ್ದು ‘ಕಣ್ಣಿಗೆ ಗಂಭೀರ ಕಿರಿಕಿರಿ ಉಂಟುಮಾಡುತ್ತದೆ’.

ಈ ಎರಡು ವಾಕ್ಯಗಳಲ್ಲಿ ಮೂರು ತಪ್ಪು ಮಾಡಿದ್ದೆ. ಬರ್ನ್ಸ್ ಅನ್ನುವುದನ್ನು ಉರಿ ಮಾಡಿದ್ದು ಮೊದಲನೆಯದು. ಕನ್ನಡದಲ್ಲಿ ಮೆಣಸಿನಕಾಯಿ ಮುಟ್ಟಿದ ಕೈಯೂ ಉರಿಯುತ್ತದೆ, ಹೊಗೆಗೆ ಕಣ್ಣೂ ಉರಿಯುತ್ತದೆ. ಉರಿ ಅಂದರೆ ಅನುಭವ, ತೊಳೆದರೆ ಹೋಗುವಂಥದ್ದು. ಸುಟ್ಟ ಗಾಯ ಹಾಗಲ್ಲ, ಅಲ್ಲಿ ಚರ್ಮವೇ ಹೋಗಿರುತ್ತದೆ. ಕಾಸ್ಟಿಕ್ ಸೋಡಾ ವಿಷಯದಲ್ಲಿ ಈ ವ್ಯತ್ಯಾಸ ಬರೀ ಭಾಷೆಯದ್ದಲ್ಲ. ಅದು ಚರ್ಮದ ಕೊಬ್ಬನ್ನು ಸಾಬೂನು ಮಾಡುತ್ತದೆ. ಕೈಗೆ ತಾಗಿದಾಗ ಮೊದಲು ಜಾರುವ ಹಾಗೆ ಅನ್ನಿಸುತ್ತದೆ, ಎಷ್ಟೋ ಸಲ ಆಗಲೇ ನೋವೂ ಇರುವುದಿಲ್ಲ. ನೋವು ಶುರುವಾಗುವ ಹೊತ್ತಿಗೆ ಅದು ಆಳಕ್ಕೆ ಇಳಿದಿರುತ್ತದೆ. ‘ಉರಿ’ ಅಂತ ಓದಿದವರು ಉರಿ ಬರಲಿ, ಆಮೇಲೆ ತೊಳೆಯೋಣ ಅಂತ ಕಾಯುತ್ತಾರೆ. ಕಾಯುವ ಆ ಹೊತ್ತಿನಲ್ಲೇ ಗಾಯ ಆಳವಾಗುತ್ತದೆ.

ಎರಡನೆಯದು ‘ಬಹುದು’. ನಾವು ಬರೆಯುವಾಗ ಮೆತ್ತಗೆ ಹೇಳುವ ಅಭ್ಯಾಸದಲ್ಲಿ ಎಲ್ಲದಕ್ಕೂ ಬಹುದು ಹಚ್ಚುತ್ತೇವೆ. ಇಲ್ಲಿ ಅದು ಅಳೆದು ಇಟ್ಟ ಮಾತು. ಅದೇ ಕ್ಯಾನಿನ ಮೇಲೆ H290 ಕೂಡ ಇದೆ. ಲೋಹವನ್ನು ತಿನ್ನಬಹುದು ಅಂತ ಅದು ಹೇಳುತ್ತದೆ. ಅಲ್ಲಿ ಮೂಲದಲ್ಲೇ ಬಹುದು ಇದೆ. ಚರ್ಮದ ವಾಕ್ಯದಲ್ಲಿ ಇಲ್ಲ. ಲೋಹಕ್ಕೆ ಬಹುದು, ಚರ್ಮಕ್ಕೆ ಖಂಡಿತ. ನಾನು ಎರಡನ್ನೂ ಒಂದೇ ತೂಕ ಮಾಡಿಬಿಟ್ಟಿದ್ದೆ.

ಮೂರನೆಯದು ‘ಗಂಭೀರ’. ಇಂಗ್ಲಿಷಿನಲ್ಲಿ H318ರಲ್ಲೂ ಸೀರಿಯಸ್ ಇದೆ, H319ರಲ್ಲೂ ಸೀರಿಯಸ್ ಇದೆ. ಮೊದಲನೆಯದು ಕಣ್ಣಿಗಾಗುವ ಹಾನಿ, ಡೇಂಜರ್. ಎರಡನೆಯದು ಕಣ್ಣು ಕೆಂಪಾಗಿ ಉರಿಯುವುದು, ವಾರ್ನಿಂಗ್. ವಿಶೇಷಣ ಒಂದೇ, ಮೆಟ್ಟಿಲು ಬೇರೆ. ಇಂಗ್ಲಿಷ್ ಓದುಗ ಕೊನೆಯ ನಾಮಪದ ನೋಡಿ ವ್ಯತ್ಯಾಸ ತಿಳಿಯುತ್ತಾನೆ. ಕನ್ನಡದಲ್ಲಿ ‘ಗಂಭೀರ’ ಅನ್ನುವ ಪದವೇ ಆಸ್ಪತ್ರೆಯ ವಾಸನೆ ಹೊತ್ತು ಬರುತ್ತದೆ, ಅದರ ಪಕ್ಕದ ಪದ ಯಾರಿಗೂ ಕಾಣುವುದಿಲ್ಲ. ಇನ್ನು ‘ಕಿರಿಕಿರಿ’. ಪಕ್ಕದವರು ಜೋರಾಗಿ ಮಾತಾಡಿದರೆ ಆಗುವುದು ಕಿರಿಕಿರಿ. ‘ಗಂಭೀರ ಕಿರಿಕಿರಿ’ ಅಂದರೆ ಏನು ಅಂತ ಈಗಲೂ ನನಗೆ ಗೊತ್ತಿಲ್ಲ.

ಆಗ ಕೆಲಸದ ಕ್ರಮವನ್ನೇ ತಿರುಗಿಸಿದೆ. ವಾಕ್ಯ ಅನುವಾದ ಮಾಡುವುದು ಬಿಟ್ಟು, ಮೊದಲು ಒಂದು ಹಾಳೆಯಲ್ಲಿ ಏಣಿ ಬರೆದೆ. ಕಣ್ಣಿಗೆ ಒಂದು ಏಣಿ, ಚರ್ಮಕ್ಕೆ ಒಂದು. ನನ್ನ ಲೇಬಲ್‌ನಲ್ಲಿ ಇಲ್ಲದ ಮೆಟ್ಟಿಲನ್ನೂ ಬರೆದೆ, ಯಾಕೆಂದರೆ ನಾಳೆ ಇನ್ನೊಂದು ಬಾಟಲಿಗೆ ಆ ಪದ ಬೇಕಾದಾಗ ಅದನ್ನು ಇವತ್ತೇ ಖರ್ಚು ಮಾಡಿರಬಾರದು. ಕಣ್ಣಿನ ಏಣಿ ಕೊನೆಗೆ ಹೀಗೆ ನಿಂತಿತು. ಮೇಲೆ H318ಕ್ಕೆ ‘ಕಣ್ಣಿಗೆ ಗಂಭೀರ ಹಾನಿ ಮಾಡುತ್ತದೆ’. ಅದರ ಕೆಳಗೆ H319ಕ್ಕೆ ‘ಕಣ್ಣು ಕೆಂಪಾಗಿ ತುಂಬಾ ಉರಿಯುತ್ತದೆ’. ಅದಕ್ಕೂ ಕೆಳಗೆ H320ಕ್ಕೆ ‘ಕಣ್ಣು ಉರಿಯುತ್ತದೆ’. ಗಂಭೀರ ಅನ್ನುವುದು ಮೇಲಿನ ಮೆಟ್ಟಿಲಿಗೆ ಮಾತ್ರ ಮೀಸಲು. ಉರಿ ಅನ್ನುವುದು ಕೆಳಗಿನವಕ್ಕೆ ಮಾತ್ರ. ಚರ್ಮದ ಏಣಿಯಲ್ಲಿ H314ಕ್ಕೆ ‘ಚರ್ಮ ಸುಟ್ಟು ತೀವ್ರ ಗಾಯವಾಗುತ್ತದೆ, ಕಣ್ಣಿಗೆ ಹಾನಿಯಾಗುತ್ತದೆ’, H315ಕ್ಕೆ ‘ಚರ್ಮ ಕೆಂಪಾಗಿ ಉರಿಯುತ್ತದೆ’.

‘ಸುಟ್ಟು’ ಅಂದರೆ ಬೆಂಕಿ ಅಂದುಕೊಳ್ಳುತ್ತಾರೆ ಅಂತ ಡಿಸೈನ್ ಮಾಡುವ ಹುಡುಗ ತಕರಾರು ತೆಗೆದ. ಯೋಚಿಸಬೇಕಾದ ಮಾತೇ. ಆದರೆ ಪಕ್ಕದಲ್ಲಿ ಕೈಯನ್ನು ದ್ರವ ತಿನ್ನುವ ಚಿತ್ರ ಇರುತ್ತದೆ, ಬೆಂಕಿಯ ಚಿತ್ರ ಇರುವುದಿಲ್ಲ. ಆ ಪದವನ್ನು ಉಳಿಸಿದೆ. ಅದೇ ಹುಡುಗ ಕ್ಯಾನಿನ ಮೇಲೆ ಜಾಗ ಉಳಿದಿದೆ ಅಂತ ಆಶ್ಚರ್ಯಸೂಚಕದ ಚಿತ್ರವನ್ನೂ ಸೇರಿಸಿದ್ದ. ಜಾಸ್ತಿ ಇದ್ದರೆ ಒಳ್ಳೆಯದಲ್ವಾ ಅಂತ ಅವನ ವಾದ. ಅಲ್ಲ. ಚರ್ಮ, ಕಣ್ಣಿನ ವಿಷಯದಲ್ಲಿ ತಿನ್ನುವ ಚಿತ್ರ ಬಂದ ಮೇಲೆ ಆಶ್ಚರ್ಯಸೂಚಕ ಬರಬಾರದು ಅಂತ ನಿಯಮವೇ ಇದೆ. ಪದಗಳ ಹಾಗೆ ಚಿತ್ರಗಳಲ್ಲೂ ಮೇಲಿನದು ಬಂದರೆ ಕೆಳಗಿನದು ಇಳಿಯಬೇಕು.

ಜೋರು ಮಾಡುವುದೂ ತಪ್ಪೇ ಅನ್ನುವುದು ನನಗೆ ಗೊತ್ತಾದದ್ದು ಸ್ಪ್ರೇಯ ಪ್ರಥಮ ಚಿಕಿತ್ಸೆಯ ಸಾಲಿನಲ್ಲಿ. ಕ್ಯಾನಿನಲ್ಲಿ ಕಣ್ಣಿಗೆ ಬಿದ್ದರೆ ತೊಳೆದು, ತಕ್ಷಣ ಡಾಕ್ಟರಿಗೆ ಫೋನ್ ಮಾಡಿ ಅಂತ ಇದೆ. ಸ್ಪ್ರೇಯಲ್ಲಿ ತೊಳೆದ ಮೇಲೂ ಉರಿ ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ ಅಂತ ಇದೆ. ಕ್ಷೇಮಕ್ಕಿರಲಿ ಅಂತ ಎರಡಕ್ಕೂ ‘ತಕ್ಷಣ’ ಹಾಕಿದ್ದೆ. ತೆಗೆದೆ. ಸ್ಪ್ರೇಗೂ ತಕ್ಷಣ ಅಂದರೆ, ಕ್ಯಾನಿನ ತಕ್ಷಣಕ್ಕೆ ಬೆಲೆ ಇರುವುದಿಲ್ಲ.

ಕಾರ್ಡುಗಳ ಮೇಲೆ ಒಂದೊಂದೇ ವಾಕ್ಯ ಬರೆದು, ಕಲಸಿ, ಅದೇ ಹೆಂಗಸಿಗೂ ಇನ್ನೂ ನಾಲ್ಕು ಜನಕ್ಕೂ ಕೊಟ್ಟೆ. ಜೋರಿನದು ಮೇಲಿಡಿ ಅಂತ ಮಾತ್ರ ಹೇಳಿದೆ. ಚರ್ಮದ ಕಾರ್ಡುಗಳನ್ನು ಐವರೂ ಸರಿಯಾಗಿ ಜೋಡಿಸಿದರು. ಕಣ್ಣಿನದರಲ್ಲಿ ಒಬ್ಬರು ಮಾತ್ರ ‘ತುಂಬಾ ಉರಿ’ಯನ್ನು ‘ಗಂಭೀರ ಹಾನಿ’ಯ ಮೇಲಿಟ್ಟರು. ಹಾನಿ ಅಂದರೆ ವ್ಯಾಪಾರದ ನಷ್ಟದ ಹಾಗೆ ಕೇಳಿಸುತ್ತದೆ ಅಂದರು. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ‘ಕಣ್ಣು ಹೋಗುತ್ತದೆ’ ಅಂತ ಬರೆದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ, ಆದರೆ ಮೂಲ ಅಷ್ಟು ಹೇಳುವುದಿಲ್ಲ. ಹಾನಿಯನ್ನೇ ಉಳಿಸಿಕೊಂಡೆ.

ಅಚ್ಚಿನ ಪ್ರೂಫ್ ಬಂದಾಗ ಏಣಿಗೆ ಸಂಬಂಧಿಸದ ಇನ್ನೊಂದು ತಪ್ಪು ಸಿಕ್ಕಿತು. ಕ್ಯಾನಿನ ಮೇಲೆ, ನುಂಗಿದರೆ ಬಾಯಿ ತೊಳೆಯಿರಿ, ವಾಂತಿ ಮಾಡಿಸಬೇಡಿ ಅಂತ ಬರಬೇಕು. ತಿನ್ನುವ ದ್ರವ ವಾಂತಿಯಲ್ಲಿ ಮೇಲೆ ಬರುವಾಗ ಗಂಟಲನ್ನು ಎರಡನೇ ಸಲ ಸುಡುತ್ತದೆ, ಅದಕ್ಕೇ ಬೇಡ ಅನ್ನುವುದು. ಇಂಗ್ಲಿಷಿನಲ್ಲಿ ನಾಟ್ ಅನ್ನುವುದು ಕ್ರಿಯಾಪದಕ್ಕೆ ಮೊದಲೇ ದೊಡ್ಡಕ್ಷರದಲ್ಲಿ ನಿಂತಿರುತ್ತದೆ. ನಮ್ಮಲ್ಲಿ ದೊಡ್ಡಕ್ಷರ ಇಲ್ಲ, ಬೇಡ ಅನ್ನುವುದು ಕ್ರಿಯಾಪದದ ಬಾಲದಲ್ಲಿ ಬರುತ್ತದೆ. ಜಾಗ ಸಾಲದೆ ಸಾಫ್ಟ್‌ವೇರ್ ಸಾಲನ್ನು ‘ವಾಂತಿ ಮಾಡಿಸ’ ಅನ್ನುವಲ್ಲಿ ತುಂಡರಿಸಿ, ‘ಬೇಡಿ’ಯನ್ನು ಮುಂದಿನ ಸಾಲಿಗೆ ತಳ್ಳಿತ್ತು. ಗಾಬರಿಯಲ್ಲಿ ಓದುವವರು ಮೊದಲ ಸಾಲಿಗೇ ನಿಂತರೆ ಮುಗಿಯಿತು. ‘ವಾಂತಿ ಮಾಡಿಸಬಾರದು’ ಅಂತ ಬದಲಾಯಿಸಿ, ಎರಡೂ ಪದ ಒಂದೇ ಸಾಲಿನಲ್ಲಿ ಒಡೆಯದೆ ಕೂರುವಂತೆ ಕಟ್ಟಿಸಿ, ದಪ್ಪಕ್ಷರ ಮಾಡಿಸಿದೆ. ಅದಕ್ಕೆ ಜಾಗ ಹೊಂದಿಸಲು ಕಂಪನಿಯ ಚಿಹ್ನೆಯನ್ನು ಸ್ವಲ್ಪ ಚಿಕ್ಕದು ಮಾಡಬೇಕಾಯಿತು. ಆ ಒಂದು ಒಪ್ಪಿಗೆಗೇ ಹನ್ನೆರಡರಲ್ಲಿ ಮೂರು ದಿನ ಹೋಯಿತು.